ನಮ್ಮೂರ ಶಾಲೆಗೊಂದು ಓದುಮನೆ: ಕಟ್ಟುವ ಕೆಲಸಕ್ಕೆ ನಿಮಗೆ ಆಮಂತ್ರಣ

ಊರಿನ ಎಲ್ಲರಿಗೆ, ಈ ಶಾಲೆಯಲ್ಲಿ ಕಲಿತು ಈಗ ಬೇರೆ ಬೇರೆ ಕಡೆ ನೆಲೆಸಿರುವ ಅಕ್ಕ ಅಣ್ಣಂದಿರಿಗೆ, ಮಕ್ಕಳ ಓದನ್ನು ಇಷ್ಟಪಡುವ ಗೆಳೆಯರಿಗೆ ನಮಸ್ಕಾರ.

ಸಿರಸಿ ತಾಲ್ಲೂಕಿನ ನಮ್ಮೂರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಈಗ ಒಂದರಿಂದ ಏಳನೆಯ ತರಗತಿಯವರೆಗೆ 86 ಮಕ್ಕಳಿದ್ದಾರೆ. ಇವರು ಓದುವ ಮಕ್ಕಳು. ಶನಿವಾರದ ಕೊನೆಯ ಅವಧಿಯಲ್ಲಿ ಏಳನೆಯವರು ಒಂದನೆಯವರನ್ನು ಸುತ್ತ ಕೂರಿಸಿಕೊಂಡು ಗಟ್ಟಿಯಾಗಿ ಕಥೆ ಓದುತ್ತಾರೆ. ಮನೆಗೆ ಒಯ್ದ ಪುಸ್ತಕವನ್ನು ಅಜ್ಜಿಗೆ ಓದಿ ಹೇಳಿ, ಅಜ್ಜಿ ಅದಕ್ಕೆ ಪ್ರತಿಯಾಗಿ ಹೇಳಿದ ಕಥೆಯನ್ನು ಸೋಮವಾರ ತರಗತಿಗೆ ತರುವವರೂ ಇದ್ದಾರೆ. ಮುಖ್ಯೋಪಾಧ್ಯಾಯರ ಕೊಠಡಿಯ ಕಪಾಟಿನಲ್ಲಿರುವ 340 ಪುಸ್ತಕಗಳಲ್ಲಿ ಮಕ್ಕಳ ವಯಸ್ಸಿಗೆ ಹೊಂದುವಂಥವು ಹೆಚ್ಚಿನವರ ಕೈಯಲ್ಲಿ ಒಂದು ಸುತ್ತು ಮುಗಿಸಿವೆ. ಓದುವವರು ಮುಂದೆ ಹೋಗಿದ್ದಾರೆ, ಕಪಾಟು ಹಿಂದೆ ಉಳಿದಿದೆ. ಆ ಅಂತರ ತುಂಬುವ ಕೆಲಸದಲ್ಲಿ ನೀವೂ ಕೈಜೋಡಿಸಿ ಎಂದು ಕೇಳುವುದಕ್ಕೆ ಈ ಪತ್ರ.

ಹೊಸ ಕಟ್ಟಡ ಆದ ಮೇಲೆ ಖಾಲಿಯಾಗಿರುವ ಪಡುವಣ ತುದಿಯ ಹಳೆಯ ಕೊಠಡಿಯನ್ನು ಓದುಮನೆಯಾಗಿ ಮಾಡಲು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ತೀರ್ಮಾನಿಸಿದೆ. 20 ಅಡಿ ಉದ್ದ, 16 ಅಡಿ ಅಗಲ, ಚಿರೆಕಲ್ಲಿನ ಗೋಡೆ, ಹೆಂಚಿನ ಮಾಡು, ಎರಡು ಕಡೆ ಕಿಟಕಿ. ತಂಪಾದ, ಬೆಳಕಿನ ಕೊಠಡಿ. ಇಡೀ ಕೆಲಸಕ್ಕೆ 2,50,000 ರೂಪಾಯಿ ಬೇಕು. ಊರಿನಲ್ಲೇ 70,000 ರೂಪಾಯಿ ಈಗಾಗಲೇ ಒಟ್ಟಾಗಿದೆ. ಉಳಿದ 1,80,000 ರೂಪಾಯಿಗೆ ನಿಮ್ಮ ಪಾಲು ಕೇಳುತ್ತಿದ್ದೇವೆ. ಎಲ್ಲಿಗೆ ಎಷ್ಟು, ಯಾಕೆ ಎಂಬುದನ್ನು ಬಿಡಿಸಿ ಹೇಳುತ್ತೇವೆ, ಓದಿ ನೋಡಿ.

ಮೊದಲು ಮಾಡಿನ ಕೆಲಸ. ಒಡೆದ ಹೆಂಚು, ಲಡ್ಡಾದ ರೀಪು ಬದಲಿಸಲು, ನಡುವೆ ನಾಲ್ಕು ಗಾಜಿನ ಹೆಂಚು ಕೂರಿಸಲು 18,000 ರೂಪಾಯಿ. ಗೋಡೆಯ ಕೆಳಭಾಗದ ಗಾರೆ ಕೆರೆದು ಹೊಸದು ಮಾಡಿ ಬಣ್ಣ ಬಳಿಯಲು 14,000. ಮಲೆನಾಡಿನಲ್ಲಿ ಇದನ್ನು ಬಿಟ್ಟು ಪುಸ್ತಕ ತಂದರೆ ಒಂದೇ ಮಳೆಗಾಲಕ್ಕೆ ಅರ್ಧ ಪುಸ್ತಕ ಬೂಸು ಹಿಡಿಯುತ್ತವೆ. ಅದಕ್ಕಾಗಿಯೇ ಮಾಡು ಮತ್ತು ಗೋಡೆ ಮುಗಿಯುವ ತನಕ ಒಂದು ಹೊಸ ಪುಸ್ತಕವನ್ನೂ ಕೊಳ್ಳುವುದಿಲ್ಲ.

ಆಮೇಲೆ ಪುಸ್ತಕ ಇಡುವ ಜಾಗ. ಬಾಗಿಲಿರುವ ಕಬ್ಬಿಣದ ಬೀರು ಬೇಡ ಎಂದು ಯೋಚಿಸಿಯೇ ನಿರ್ಧರಿಸಿದ್ದೇವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಚ್ಚಿದ ಬೀರುವಿನ ಒಳಗೆ ತೇವ ಸಿಕ್ಕಿಕೊಳ್ಳುತ್ತದೆ, ಗಾಳಿ ಆಡುವುದಿಲ್ಲ, ಪುಟಗಳು ಒಂದಕ್ಕೊಂದು ಅಂಟುತ್ತವೆ. ಅದೂ ಅಲ್ಲದೆ ಬೀಗ ಹಾಕಿದ ಬಾಗಿಲಿನ ಹಿಂದಿನ ಪುಸ್ತಕವನ್ನು ಏಳು ವರ್ಷದ ಮಗು ಕೇಳಿ ಪಡೆಯುವುದಿಲ್ಲ. ನಾಲ್ಕೇ ಅಡಿ ಎತ್ತರದ, ಬಣ್ಣ ಹಾಕಿ ಬೇಯಿಸಿದ ಕಬ್ಬಿಣದ ತೆರೆದ ರ‍್ಯಾಕ್ ಆರು, ತಲಾ 5,500ರಂತೆ 33,000 ರೂಪಾಯಿ. ಇವನ್ನು ಗೋಡೆಯಿಂದ ಆರು ಇಂಚು ದೂರ ನಿಲ್ಲಿಸಿ, ಕೆಳಗಿನ ಹಲಗೆಯನ್ನು ನೆಲದಿಂದ ಆರು ಇಂಚು ಮೇಲಿಡುತ್ತೇವೆ. ಒರಲೆ ಗೋಡೆ ಹಿಡಿದು, ನೆಲ ಹಿಡಿದು ಹತ್ತುತ್ತದೆ. ನಡುವೆ ಸಂದು ಬಿಟ್ಟರೆ ಅದರ ಮಣ್ಣಿನ ಗೆರೆ ಕಣ್ಣಿಗೆ ಬೀಳುತ್ತದೆ, ಗುಡಿಸುವಾಗಲೇ ಒರೆಸಬಹುದು. ಚಿತ್ರಪುಸ್ತಕಗಳ ಮುಖಪುಟ ಎದುರಿಗೆ ಕಾಣುವಂತೆ ಇಡುವ ಎರಡು ಮರದ ಸ್ಟ್ಯಾಂಡನ್ನು ಊರಿನ ಬಡಗಿಯವರೇ ಮಾಡಿಕೊಡುತ್ತಾರೆ, ಎರಡಕ್ಕೆ 8,000. ಓದು ಈಗಷ್ಟೇ ಹತ್ತುತ್ತಿರುವ ಮಗು ಪುಸ್ತಕವನ್ನು ಆರಿಸುವುದು ಬೆನ್ನಿನ ಮೇಲಿನ ಹೆಸರು ನೋಡಿ ಅಲ್ಲ, ಮುಖಪುಟದ ಚಿತ್ರ ನೋಡಿ. ಚಾಪೆ, ಗಿಡ್ಡ ಮೇಜು, ದೀಪ, ಒಂದು ಫ್ಯಾನು ಸೇರಿ 15,000.

ಈಗ ಪುಸ್ತಕದ ಮಾತು. 600 ಪುಸ್ತಕ, ಸರಾಸರಿ 110 ರೂಪಾಯಿಯಂತೆ 66,000. ಇದರಲ್ಲಿ 200 ಪುಸ್ತಕ ನಲಿಕಲಿಯ ಮಕ್ಕಳಿಗೆ, ಅಂದರೆ ಒಂದರಿಂದ ಮೂರನೆಯ ತರಗತಿಗೆ: ಪುಟಕ್ಕೆ ಒಂದೆರಡು ಸಾಲು, ದೊಡ್ಡ ಅಕ್ಷರ, ಕಥೆಯನ್ನು ತಾನೇ ಹೇಳುವ ಚಿತ್ರ. 150 ಪುಸ್ತಕ ನಾಲ್ಕು ಮತ್ತು ಐದನೆಯವರಿಗೆ. 100 ಪುಸ್ತಕ ಆರು ಮತ್ತು ಏಳನೆಯವರಿಗೆ, ಇದರಲ್ಲಿ ಅರ್ಧದಷ್ಟು ವಿಜ್ಞಾನ, ಹಕ್ಕಿ, ಕಾಡು, ಯಂತ್ರಗಳ ಬಗ್ಗೆ. ಇನ್ನು 50 ನಿಘಂಟು, ನಕ್ಷೆಯ ಪುಸ್ತಕ ಮತ್ತು ಕನ್ನಡ ಇಂಗ್ಲಿಷ್ ಎರಡೂ ಇರುವ ಕಥೆಗಳು. ಉಳಿದ 100 ಎಂದರೆ 20 ಪುಸ್ತಕಗಳ ಐದೈದು ಪ್ರತಿ. ಒಂದೇ ಪುಸ್ತಕವನ್ನು ಐದು ಪ್ರತಿ ಕೊಳ್ಳುವುದು ಯಾಕೆ ಎಂದು ಊರಿನ ಸಭೆಯಲ್ಲೂ ಪ್ರಶ್ನೆ ಬಂತು. ಐವರು ಒಂದೇ ಕಥೆಯನ್ನು ಒಂದೇ ವಾರ ಓದಿದಾಗ ಅದರ ಬಗ್ಗೆ ಮಾತು, ಜಗಳ, ನಾಟಕ ಹುಟ್ಟುತ್ತವೆ. ಓದು ಗಟ್ಟಿಯಾಗುವುದೇ ಅಲ್ಲಿ.

ಯಾವ ಪುಸ್ತಕ ಎಂಬ ಆಯ್ಕೆಯಲ್ಲಿ ಮಕ್ಕಳಿಗೂ ಮತವಿದೆ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಕಥೆಗಳನ್ನು ಹಂತಗಳಾಗಿ ವಿಂಗಡಿಸಿ ಉಚಿತವಾಗಿ ಓದಲು ಇಟ್ಟಿದ್ದಾರೆ. ಶಿಕ್ಷಕರು ಅಲ್ಲಿಂದ ಕೆಲವನ್ನು ಮುದ್ರಿಸಿ ತರಗತಿಯಲ್ಲಿ ಓದಿಸಿ, ಯಾವುದನ್ನು ಮಕ್ಕಳು ಮತ್ತೆ ಕೇಳುತ್ತಾರೆ ಎಂದು ಗುರುತು ಹಾಕಿಕೊಳ್ಳುತ್ತಿದ್ದಾರೆ. ಕೊಳ್ಳುವ ಪಟ್ಟಿಗೆ ಅದೇ ಆಧಾರ. ನೋಂದಣಿ ಪುಸ್ತಕ, ಹಂತ ತಿಳಿಸುವ ಬಣ್ಣದ ಪಟ್ಟಿ, ಬೆನ್ನಿಗೆ ಹಾಕುವ ಬಟ್ಟೆಯ ಟೇಪು, ದಾರ, ಅಂಟು ಇವಕ್ಕೆ 6,000 ಇಟ್ಟಿದ್ದೇವೆ. ತೆಳು ಪುಸ್ತಕಗಳ ನಡುವಿನ ಪಿನ್ನು ನಮ್ಮ ತೇವಕ್ಕೆ ತುಕ್ಕು ಹಿಡಿದು ಕಾಗದವನ್ನೇ ತಿನ್ನುತ್ತದೆ. ಆದ್ದರಿಂದ ಬಂದ ಕೂಡಲೇ ಪಿನ್ನು ತೆಗೆದು ದಾರದಲ್ಲಿ ಹೊಲಿಯುತ್ತೇವೆ. ಪೂರ್ತಿ ಪ್ಲಾಸ್ಟಿಕ್ ಹೊದಿಕೆ ಹಾಕುವುದಿಲ್ಲ, ಅದು ತೇವವನ್ನು ಒಳಗೇ ಹಿಡಿದಿಡುತ್ತದೆ. ಹುಳಕ್ಕೆ ನುಸಿಗುಳಿಗೆ ಬದಲು ಬಜೆ ಬೇರಿನ ಪುಟ್ಟ ಗಂಟು. ಮಕ್ಕಳು ಗಂಟೆಗಟ್ಟಲೆ ಕೂರುವ ಕೋಣೆಯಲ್ಲಿ ನುಸಿಗುಳಿಗೆಯ ಆವಿ ಒಳ್ಳೆಯದಲ್ಲ.

ಅಂದಾಜಿನಲ್ಲಿ ಇನ್ನೆರಡು ಬಾಬ್ತುಗಳಿವೆ. ಓದುಮನೆ ಉಳಿಯುವುದು ಇವುಗಳ ಮೇಲೆ. ಒಂದು, ಮೂರು ವರ್ಷ ಮಕ್ಕಳ ಪತ್ರಿಕೆಗಳ ಚಂದಾ ಹಾಗೂ ಸವೆದ ಪುಸ್ತಕಗಳ ಬದಲಿಗೆ ವರ್ಷಕ್ಕೆ 10,000ದಂತೆ 30,000. ಇನ್ನೊಂದು, ದಿನಕ್ಕೆ ಎರಡು ತಾಸು ಓದುಮನೆ ನೋಡಿಕೊಳ್ಳುವ ಊರಿನ ಒಬ್ಬರಿಗೆ ತಿಂಗಳಿಗೆ 2,000 ರೂಪಾಯಿ ಗೌರವಧನ, ವರ್ಷಕ್ಕೆ ಹತ್ತು ತಿಂಗಳು, ಮೂರು ವರ್ಷಕ್ಕೆ 60,000. ಶಾಲಾ ಗ್ರಂಥಾಲಯಗಳು ಸೊರಗುವುದು ಪುಸ್ತಕ ಇಲ್ಲದೆ ಎನ್ನುವುದಕ್ಕಿಂತ ಬಾಗಿಲು ತೆಗೆಯುವವರಿಲ್ಲದೆ. ಶಿಕ್ಷಕರಿಗೆ ಪಾಠ, ಬಿಸಿಯೂಟ, ದಾಖಲೆಗಳ ಕೆಲಸವೇ ಕೈತುಂಬ ಇರುತ್ತದೆ. ಕಳೆದ ಪುಸ್ತಕಕ್ಕೆ ತಾನೇ ಉತ್ತರ ಕೊಡಬೇಕಾದೀತು ಎಂಬ ಭಯವೂ ಸೇರಿದರೆ ಬೀಗ ಗಟ್ಟಿಯಾಗುತ್ತದೆ. ಎಸ್. ಆರ್. ರಂಗನಾಥನ್ 1931ರಲ್ಲಿ ಬರೆದ ಗ್ರಂಥಾಲಯದ ಐದು ಸೂತ್ರಗಳಲ್ಲಿ ಮೊದಲನೆಯದೇ ಪುಸ್ತಕ ಇರುವುದು ಬಳಕೆಗೆ ಎಂಬುದು. ಅದನ್ನು ಒಪ್ಪಿ ಸಮಿತಿ ಒಂದು ಠರಾವು ಮಾಡಿದೆ: ವರ್ಷಕ್ಕೆ ನೂರರಲ್ಲಿ ಐದು ಪುಸ್ತಕ ಹರಿದರೆ, ಕಳೆದರೆ ಅದು ಓದಿನ ಖರ್ಚು. ಮಕ್ಕಳಿಗೆ ದಂಡವಿಲ್ಲ, ಶಿಕ್ಷಕರ ಮೇಲೆ ಹೊಣೆಯಿಲ್ಲ. ನೀವು ಕೊಡಿಸಿದ ಪುಸ್ತಕ ಎರಡು ವರ್ಷಕ್ಕೆ ಮೂಲೆ ಮುದುಡಿ, ಬೆನ್ನಿಗೆ ಟೇಪು ಹಚ್ಚಿಸಿಕೊಂಡು ನಿಂತಿದ್ದರೆ ಅದು ಚೆನ್ನಾಗಿ ಬಾಳಿದೆ ಎಂದೇ ತಿಳಿಯಿರಿ.

ನಿಮ್ಮ ಪಾಲು ಎಷ್ಟಾದರೂ ಇರಬಹುದು. 110 ರೂಪಾಯಿಗೆ ಒಂದು ಪುಸ್ತಕ. 550ಕ್ಕೆ ಐವರು ಒಟ್ಟಿಗೆ ಓದುವ ಒಂದು ಕಟ್ಟು. 2,000ಕ್ಕೆ ಒಂದು ತಿಂಗಳು ಬಾಗಿಲು ತೆರೆದಿರುತ್ತದೆ. 5,500ಕ್ಕೆ ಒಂದು ರ‍್ಯಾಕ್. ಒಂದೇ ವರ್ಷ ಏಳನೆಯ ತರಗತಿ ಮುಗಿಸಿದ ಗೆಳೆಯರು ಸೇರಿ ಒಂದು ರ‍್ಯಾಕ್ ವಹಿಸಿಕೊಂಡರೆ ನಮಗೆ ಬಹಳ ಸಂತೋಷ. ಕೊಟ್ಟವರ ಹೆಸರಿನ ಫಲಕವನ್ನು ಮೊತ್ತದ ಪ್ರಕಾರ ಬರೆಸುವುದಿಲ್ಲ. ಎಲ್ಲರ ಹೆಸರೂ ಅಕಾರಾದಿಯಾಗಿ ಒಂದೇ ಅಳತೆಯಲ್ಲಿ ಇರುತ್ತದೆ, ಬೇಡ ಎಂದವರದು ಇರುವುದಿಲ್ಲ.

ಹಣದ ಬದಲು ಕೆಲಸವನ್ನೂ ಕೊಡಬಹುದು. ಹೆಂಚು ಇಳಿಸಿ ಏರಿಸುವುದಕ್ಕೆ ಎರಡು ದಿನ ಹತ್ತು ಮಂದಿ ಬೇಕು. ಪುಸ್ತಕ ಹೊಲಿಯುವುದಕ್ಕೆ ರಜೆಯಲ್ಲಿ ಒಂದು ವಾರ ಮಧ್ಯಾಹ್ನ ಕೂರುವವರು ಬೇಕು, ಕಲಿಸಿಕೊಡುತ್ತೇವೆ. ಮನೆಯಲ್ಲಿರುವ ಪುಸ್ತಕ ಕೊಡುವವರು 5ರಿಂದ 14 ವರ್ಷದವರು ಓದುವಂಥ, ಪುಟ ಹರಿಯದ ಕಥೆ, ವಿಜ್ಞಾನ, ಪ್ರವಾಸದ ಪುಸ್ತಕ ಆರಿಸಿ ಕಳಿಸಿ. ಹಳೆಯ ಪಠ್ಯಪುಸ್ತಕ, ಗೈಡು, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ, ವಾರಪತ್ರಿಕೆಗಳ ಕಟ್ಟು ಬೇಡ. ಅವು ಜಾಗ ಹಿಡಿಯುತ್ತವೆ, ವಿಂಗಡಿಸುವವರ ಸಮಯವೂ ಹೋಗುತ್ತದೆ.

ಹಣವನ್ನು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಬ್ಯಾಂಕ್ ಖಾತೆಗೇ ಕಳಿಸಿ. ಅದರ ಕ್ಯೂಆರ್ ಕೋಡ್ ಈ ಪತ್ರದ ಹಿಂಬದಿಯಲ್ಲಿದೆ. ಯಾರದೇ ಸ್ವಂತ ಖಾತೆಗೆ ಹಾಕಬೇಡಿ, ಸಮಿತಿಯ ಸದಸ್ಯರೇ ಕೇಳಿದರೂ ಸಹ. ಅಧ್ಯಕ್ಷರು ಮತ್ತು ಮುಖ್ಯೋಪಾಧ್ಯಾಯರು ಇಬ್ಬರ ಸಹಿ ಇಲ್ಲದೆ ಈ ಖಾತೆಯಿಂದ ಹಣ ತೆಗೆಯಲು ಬರುವುದಿಲ್ಲ. ನಗದು ಕೊಡುವವರು ಶಾಲೆಯ ವೇಳೆಯಲ್ಲಿ ಬಂದು ಸಂಖ್ಯೆ ಇರುವ ರಸೀದಿ ಪಡೆಯಿರಿ. ಈ ದೇಣಿಗೆಗೆ ಆದಾಯ ತೆರಿಗೆಯ ವಿನಾಯಿತಿ ಸಿಗುವುದಿಲ್ಲ. ಭಾರತದ ಪೌರರಾಗಿದ್ದುಕೊಂಡು ಹೊರದೇಶದಲ್ಲಿ ದುಡಿಯುತ್ತಿರುವವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಬಹುದು. ಬೇರೆ ದೇಶದ ಪೌರತ್ವ ಪಡೆದವರ ಹಣ ಮಾತ್ರ, ಓಸಿಐ ಕಾರ್ಡ್ ಇದ್ದರೂ, ಕಾನೂನಿನ ಪ್ರಕಾರ ವಿದೇಶಿ ದೇಣಿಗೆಯಾಗುತ್ತದೆ. ಅದನ್ನು ಪಡೆಯಲು ಬೇಕಾದ ನೋಂದಣಿ ಸಮಿತಿಗೆ ಇಲ್ಲದ ಕಾರಣ ಒಪ್ಪಿಕೊಳ್ಳಲಾಗುವುದಿಲ್ಲ. ಆ ಗೆಳೆಯರು ಪುಸ್ತಕದ ಪಟ್ಟಿಯನ್ನು ಓದಿ ಸಲಹೆ ಕೊಟ್ಟರೆ ಅದೂ ನಮಗೆ ದೊಡ್ಡ ನೆರವು.

ಅಡಿಕೆ ಕೊಯ್ಲಿನ ಹೊತ್ತಿನಲ್ಲಿ ಆಳು ಸಿಗುವುದಿಲ್ಲ, ಹಾಗಾಗಿ ಮಾಡಿನ ಕೆಲಸ ಮಾರ್ಚಿನಲ್ಲಿ. ಏಪ್ರಿಲ್‌ನಲ್ಲಿ ಗೋಡೆ ಮತ್ತು ರ‍್ಯಾಕ್, ಮೇ ತಿಂಗಳಲ್ಲಿ ಪುಸ್ತಕ ಬಂದು ನೋಂದಣಿ, ಹೊಲಿಗೆ. ಶಾಲೆ ಮತ್ತೆ ತೆರೆಯುವ ದಿನ ಮಕ್ಕಳೇ ಬಾಗಿಲು ತೆಗೆಯುತ್ತಾರೆ. ಫೆಬ್ರವರಿ ಕೊನೆಯೊಳಗೆ ಹಣ ಕೈಸೇರಿದರೆ ಈ ಲೆಕ್ಕ ತಪ್ಪುವುದಿಲ್ಲ. 1,80,000ದಲ್ಲಿ ಅರ್ಧ ಮಾತ್ರ ಬಂದರೂ ಕೆಲಸ ನಿಲ್ಲುವುದಿಲ್ಲ: ಮಾಡು, ಗೋಡೆ, ಮೂರು ರ‍್ಯಾಕ್, 300 ಪುಸ್ತಕ, ಒಂದು ವರ್ಷದ ಗೌರವಧನ, ಇಷ್ಟನ್ನು ಮೊದಲು ಮಾಡಿ ಉಳಿದದ್ದನ್ನು ಮರುವರ್ಷಕ್ಕೆ ಇಡುತ್ತೇವೆ. ಗುರಿಗಿಂತ ಹೆಚ್ಚು ಬಂದರೆ ಅದು ನಾಲ್ಕನೆಯ ವರ್ಷದ ಗೌರವಧನಕ್ಕೆ, ಬೇರೆ ಯಾವುದಕ್ಕೂ ಅಲ್ಲ.

ಬಿಲ್ಲುಗಳ ಪ್ರತಿ ಓದುಮನೆಯ ಬಾಗಿಲಿನ ಪಕ್ಕದ ಫಲಕದಲ್ಲಿ ಇರುತ್ತದೆ. ಆಗಸ್ಟ್ 15ರಂದು ಧ್ವಜಾರೋಹಣದ ಬಳಿಕ ಖರ್ಚಿನ ಲೆಕ್ಕವನ್ನೂ, ಯಾವ ಪುಸ್ತಕ ಎಷ್ಟು ಮನೆಗೆ ಹೋಗಿ ಬಂತು ಎಂಬುದನ್ನೂ ಏಳನೆಯ ತರಗತಿಯವರು ಓದಿ ಹೇಳುತ್ತಾರೆ. ದೂರದಲ್ಲಿರುವವರಿಗೆ ಅದನ್ನು ಅಂಚೆಯಲ್ಲಿ ಕಳಿಸುತ್ತೇವೆ, ಹಣ ಕಳಿಸುವಾಗ ವಿಳಾಸ ತಿಳಿಸಿ.

ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಶಿಕ್ಷಕ ವೃಂದ ಹಾಗೂ ಹಳೆಯ ವಿದ್ಯಾರ್ಥಿಗಳು