ದ್ವಿತೀಯ ಪಿಯುಸಿ ಇತಿಹಾಸ: ಕೊನೆಯ ಮೂರು ವಾರಗಳ ಪುನರಾವರ್ತನೆಯ ವೇಳಾಪಟ್ಟಿ

ಕಲಾ ವಿಭಾಗದ ವಿದ್ಯಾರ್ಥಿಗಳಿಗೆ,

ಇತಿಹಾಸದ ಪರೀಕ್ಷೆಗೆ ಸರಿಯಾಗಿ ಮೂರು ವಾರಗಳು ಉಳಿದಿವೆ. ಬರುವ ಸೋಮವಾರದಿಂದ ಪರೀಕ್ಷೆಯ ಹಿಂದಿನ ಭಾನುವಾರದವರೆಗೆ ಯಾವ ದಿನ ಯಾವ ಘಟಕವನ್ನು ಓದಬೇಕು, ಯಾವುದನ್ನು ಬರೆದು ನೋಡಬೇಕು, ಯಾವುದಕ್ಕೆ ಮತ್ತೆ ಮರಳಬೇಕು ಎಂಬುದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ಅರ್ಥಶಾಸ್ತ್ರ, ಸಮಾಜಶಾಸ್ತ್ರ, ರಾಜ್ಯಶಾಸ್ತ್ರ ಮತ್ತು ಎರಡು ಭಾಷೆಗಳಿಗೂ ಸಮಯ ಬೇಕಾಗಿರುವುದರಿಂದ ಇತಿಹಾಸಕ್ಕೆ ದಿನಕ್ಕೆ ಎರಡು ಗಂಟೆಗಳನ್ನಷ್ಟೇ ಇಟ್ಟುಕೊಂಡಿದ್ದೇನೆ. ಬೆಳಿಗ್ಗೆ ಐದೂವರೆಯಿಂದ ಆರೂವರೆಯವರೆಗೆ ಓದು, ರಾತ್ರಿ ಏಳೂವರೆಯಿಂದ ಎಂಟೂವರೆಯವರೆಗೆ ಬರವಣಿಗೆ. ಬೆಳಿಗ್ಗೆ ಹಾಲು ಕರೆಯುವ, ತೋಟಕ್ಕೆ ನೀರು ಬಿಡುವ ಕೆಲಸವಿರುವವರು ಎರಡೂ ಗಂಟೆಗಳನ್ನು ರಾತ್ರಿಗೆ ಇಟ್ಟುಕೊಳ್ಳಲಿ. ಆದರೆ ಓದು ಮತ್ತು ಬರವಣಿಗೆಯ ನಡುವೆ ಊಟದಷ್ಟಾದರೂ ಬಿಡುವಿರಲಿ, ಏಕೆಂದರೆ ಓದಿದ ತಕ್ಷಣ ಬರೆದರೆ ಕಣ್ಣ ಮುಂದಿರುವುದು ಕೈಗೆ ಬರುತ್ತದೆಯೇ ಹೊರತು ನೆನಪಿನಲ್ಲಿ ಉಳಿದದ್ದು ಎಷ್ಟೆಂದು ತಿಳಿಯುವುದಿಲ್ಲ.

ಪೂರ್ವಸಿದ್ಧತಾ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದಿದ ಮೇಲೆಯೇ ಈ ಹಂಚಿಕೆಯನ್ನು ಮಾಡಿದ್ದೇನೆ. ನಿಮ್ಮಲ್ಲಿ ಹೆಚ್ಚಿನವರಿಗೆ ವಿಷಯ ತಿಳಿಯದೆ ಅಂಕ ಹೋಗಿಲ್ಲ; ಒಂದು ವಂಶದ ವಿಷಯವನ್ನು ಇನ್ನೊಂದು ವಂಶದ ಉತ್ತರದಲ್ಲಿ ಬರೆದುದರಿಂದ ಹೋಗಿದೆ. ಗುಪ್ತರ ಎರಡನೆಯ ಚಂದ್ರಗುಪ್ತ ವಿಕ್ರಮಾದಿತ್ಯ, ಬಾದಾಮಿಯ ಎರಡನೆಯ ವಿಕ್ರಮಾದಿತ್ಯ, ಕಲ್ಯಾಣದ ಆರನೆಯ ವಿಕ್ರಮಾದಿತ್ಯ ಈ ಮೂವರೂ ಅನೇಕರ ಉತ್ತರಗಳಲ್ಲಿ ಒಬ್ಬರೇ ಆಗಿಬಿಟ್ಟಿದ್ದಾರೆ. ಆದ್ದರಿಂದ ಪಠ್ಯಪುಸ್ತಕದ ಪುಟಗಳನ್ನು ಎಣಿಸಿ ದಿನಗಳನ್ನು ಹಂಚುವ ರೂಢಿಯನ್ನು ಬಿಟ್ಟು, ಗೊಂದಲ ಹೆಚ್ಚಿರುವ ಕಡೆ ಹೆಚ್ಚು ದಿನಗಳನ್ನು ಕೊಟ್ಟಿದ್ದೇನೆ. ಯಾವುದಾದರೊಂದು ಘಟಕಕ್ಕೆ ಒಂದೇ ದಿನ ಸಿಕ್ಕಿದ್ದರೆ ಅದು ಮುಖ್ಯವಲ್ಲವೆಂದು ಯಾರೂ ಭಾವಿಸಬಾರದು.

ಮೊದಲನೆಯ ವಾರ

ಸೋಮವಾರ ಆಧಾರಗಳು, ಶಿಲಾಯುಗ ಮತ್ತು ಸಿಂಧೂ ನಾಗರಿಕತೆ. ಸಿಂಧೂ ನಾಗರಿಕತೆಯಲ್ಲಿ ನಗರ ಯೋಜನೆಯ ಉತ್ತರವನ್ನು ಮಾತ್ರ ಪೂರ್ಣವಾಗಿ ಬರೆಯಿರಿ. ಉಳಿದುದನ್ನು ಒಂದೊಂದು ವಾಕ್ಯದ ಉತ್ತರಗಳಾಗಿ ನೋಡಿಕೊಂಡರೆ ಸಾಕು. ಮಂಗಳವಾರ ವೇದಗಳ ಕಾಲ, ಜೈನ ಧರ್ಮ, ಬೌದ್ಧ ಧರ್ಮ. ತ್ರಿರತ್ನಗಳು ಎರಡೂ ಧರ್ಮಗಳಲ್ಲಿ ಇವೆ, ಆದರೆ ಅವು ಬೇರೆ ಬೇರೆ: ಜೈನರಿಗೆ ಸಮ್ಯಕ್ ದರ್ಶನ, ಸಮ್ಯಕ್ ಜ್ಞಾನ, ಸಮ್ಯಕ್ ಚಾರಿತ್ರ, ಬೌದ್ಧರಿಗೆ ಬುದ್ಧ, ಧಮ್ಮ, ಸಂಘ. ಇವನ್ನು ಅಕ್ಕಪಕ್ಕದಲ್ಲಿ ಬರೆದುಕೊಳ್ಳಿ. ಬುಧವಾರ ಮೌರ್ಯರು, ಕುಶಾಣರು, ಗುಪ್ತರು, ವರ್ಧನರು. ಅಶೋಕನ ಧಮ್ಮ, ಕನಿಷ್ಕನ ಕಾಲದ ಗಾಂಧಾರ ಕಲೆ, ಸಮುದ್ರಗುಪ್ತನ ದಂಡಯಾತ್ರೆಗಳನ್ನು ತಿಳಿಸುವ ಹರಿಷೇಣನ ಅಲಹಾಬಾದ್ ಸ್ತಂಭ ಶಾಸನ, ಹರ್ಷನ ಕಾಲಕ್ಕೆ ಬಂದ ಹ್ಯೂಯೆನ್ ತ್ಸಾಂಗ್ ಇವಿಷ್ಟು ಆ ದಿನ ಗಟ್ಟಿಯಾಗಬೇಕು.

ಗುರುವಾರ, ಶುಕ್ರವಾರ ಮತ್ತು ಶನಿವಾರ ಈ ಮೂರೂ ದಿನಗಳು ದಕ್ಷಿಣ ಭಾರತದ ರಾಜವಂಶಗಳಿಗೆ ಮೀಸಲು. ಇಡೀ ವೇಳಾಪಟ್ಟಿಯಲ್ಲಿ ನಾನು ಹೆಚ್ಚು ಯೋಚಿಸಿ ಇಟ್ಟಿರುವ ಭಾಗ ಇದೇ ಆಗಿದೆ. ಪಠ್ಯದಲ್ಲಿ ವಂಶಗಳು ಒಂದಾದ ಮೇಲೊಂದು ಬರುತ್ತವೆ, ಆದರೆ ಅವು ನಡೆದದ್ದು ಹಾಗಲ್ಲ. ಚಾಲುಕ್ಯರು ಬಾದಾಮಿಯಲ್ಲಿದ್ದಾಗಲೇ ಕಂಚಿಯಲ್ಲಿ ಪಲ್ಲವರಿದ್ದರು, ತಲಕಾಡಿನಲ್ಲಿ ಗಂಗರಿದ್ದರು. ಹಾಗಾಗಿ ಗುರುವಾರ ಪಠ್ಯವನ್ನು ತೆರೆಯುವ ಮೊದಲು ನೋಟ್‌ಬುಕ್ಕಿನ ಎರಡು ಪುಟಗಳ ಅಗಲಕ್ಕೆ ಒಂದು ಉದ್ದ ಗೆರೆಯನ್ನು ಎಳೆದು ಅದರ ಮೇಲೆ ನಾಲ್ಕು ಇಸವಿಗಳನ್ನು ಗುರುತಿಸಿರಿ. 543ರಲ್ಲಿ ಒಂದನೆಯ ಪುಲಕೇಶಿ ಬಾದಾಮಿಯಲ್ಲಿ ಕೋಟೆ ಕಟ್ಟಿಸಿದ. 642ರಲ್ಲಿ ಪಲ್ಲವರ ಒಂದನೆಯ ನರಸಿಂಹವರ್ಮ ಬಾದಾಮಿಯನ್ನು ಹಿಡಿದ. 753ರ ಸುಮಾರಿಗೆ ದಂತಿದುರ್ಗ ಬಾದಾಮಿ ಚಾಲುಕ್ಯರನ್ನು ಸೋಲಿಸಿ ರಾಷ್ಟ್ರಕೂಟರ ಆಳ್ವಿಕೆಯನ್ನು ಸ್ಥಾಪಿಸಿದ. 973ರಲ್ಲಿ ಎರಡನೆಯ ತೈಲಪ ರಾಷ್ಟ್ರಕೂಟರನ್ನು ಸೋಲಿಸಿ ಚಾಲುಕ್ಯರ ಆಳ್ವಿಕೆಯನ್ನು ಮತ್ತೆ ತಂದ. ಈ ನಾಲ್ಕು ಗೂಟಗಳು ನೆಟ್ಟರೆ ಉಳಿದ ಹೆಸರುಗಳು ತಮ್ಮ ತಮ್ಮ ಜಾಗದಲ್ಲಿ ನಿಲ್ಲುತ್ತವೆ. 634ರ ಐಹೊಳೆ ಶಾಸನ, ಅದನ್ನು ರಚಿಸಿದ ರವಿಕೀರ್ತಿ, ನರ್ಮದೆಯ ದಡದಲ್ಲಿ ಹರ್ಷನಿಗಾದ ಸೋಲು ಇವೆಲ್ಲವೂ ಎರಡನೆಯ ಪುಲಕೇಶಿಗೆ ಸೇರಿದವು, ಅಂದರೆ 642ಕ್ಕಿಂತ ಮೊದಲಿನವು. ಎಲ್ಲೋರದ ಕೈಲಾಸನಾಥ ದೇವಾಲಯ ರಾಷ್ಟ್ರಕೂಟರ ಒಂದನೆಯ ಕೃಷ್ಣನದು, ಅಂದರೆ 753ರ ನಂತರದ್ದು. ಹೆಸರಿನ ಸಾಮ್ಯದಿಂದಾಗಿ ಇದನ್ನು ಶ್ರೀಕೃಷ್ಣದೇವರಾಯನ ಕಾಲಕ್ಕೆ ಸೇರಿಸಿದವರಿದ್ದಾರೆ, ಎಚ್ಚರವಿರಲಿ.

ಗುರುವಾರ ಶಾತವಾಹನರು, ಕದಂಬರು, ಗಂಗರು. ಗೌತಮೀಪುತ್ರ ಶಾತಕರ್ಣಿಯ ಸಾಧನೆಗೆ ಅವನ ತಾಯಿ ಗೌತಮಿ ಬಾಲಶ್ರೀಯ ನಾಸಿಕ್ ಶಾಸನವನ್ನು, ಮಯೂರವರ್ಮನ ವೃತ್ತಾಂತಕ್ಕೆ ತಾಳಗುಂದ ಶಾಸನವನ್ನು, ಕನ್ನಡದ ಪ್ರಾಚೀನ ಶಾಸನವೆಂದು ಹಲ್ಮಿಡಿಯನ್ನು ಉತ್ತರದ ಮೊದಲ ವಾಕ್ಯಗಳಲ್ಲೇ ಹೆಸರಿಸಬೇಕು. ಶುಕ್ರವಾರ ಬಾದಾಮಿ ಚಾಲುಕ್ಯರು, ಪಲ್ಲವರು ಮತ್ತು ರಾಷ್ಟ್ರಕೂಟರು. ಅಮೋಘವರ್ಷ ನೃಪತುಂಗನ ಉತ್ತರದಲ್ಲಿ ಮಾನ್ಯಖೇಟ ಮತ್ತು ಕವಿರಾಜಮಾರ್ಗ ಎರಡೂ ಇರಲೇಬೇಕು. ಶನಿವಾರ ಕಲ್ಯಾಣದ ಚಾಲುಕ್ಯರು, ಚೋಳರು, ಹೊಯ್ಸಳರು. ಆರನೆಯ ವಿಕ್ರಮಾದಿತ್ಯನಿಗೆ ಅವನ ಶಕೆ ಆರಂಭವಾದ 1076, ಬಿಲ್ಹಣ ಮತ್ತು ಮಿತಾಕ್ಷರದ ವಿಜ್ಞಾನೇಶ್ವರ ಸಾಕು. ಚೋಳರಿಗೆ ಉತ್ತರಮೇರೂರು ಶಾಸನ ತಿಳಿಸುವ ಗ್ರಾಮಾಡಳಿತವನ್ನು ವಿವರವಾಗಿ ಓದಿರಿ. ವಿಷ್ಣುವರ್ಧನ ಚೋಳರಿಂದ ತಲಕಾಡನ್ನು ಗೆದ್ದು, 1117ರಲ್ಲಿ ಬೇಲೂರಿನ ಚೆನ್ನಕೇಶವ ದೇವಾಲಯವನ್ನು ಕಟ್ಟಿಸಿದ ಎಂಬುದು ಈ ಎರಡು ವಂಶಗಳನ್ನು ಕೂಡಿಸುವ ಕೊಂಡಿಯಾಗಿದೆ.

ಭಾನುವಾರ ಹೊಸ ಓದು ಇಲ್ಲ. ಪುಸ್ತಕವನ್ನು ಮುಚ್ಚಿ ಗುರುವಾರದ ಗೆರೆಯನ್ನು ಬೇರೊಂದು ಹಾಳೆಯ ಮೇಲೆ ನೆನಪಿನಿಂದ ಮತ್ತೆ ಬರೆಯಿರಿ. ಬರೆಯಲಾಗದ ಜಾಗಗಳನ್ನು ಖಾಲಿ ಬಿಟ್ಟು, ಕೊನೆಯಲ್ಲಿ ಪುಸ್ತಕ ನೋಡಿ ಕೆಂಪು ಪೆನ್ನಿನಿಂದ ತುಂಬಿಸಿರಿ. ಆ ಕೆಂಪು ಅಕ್ಷರಗಳು ಮೂರನೆಯ ವಾರದಲ್ಲಿ ಬೇಕಾಗುತ್ತವೆ.

ಎರಡನೆಯ ವಾರ

ಈ ವಾರದಿಂದ ಪ್ರತಿದಿನ ರಾತ್ರಿಯ ಬರವಣಿಗೆಯ ಮೊದಲ ಹತ್ತು ನಿಮಿಷಗಳು ಹಿಂದಿನ ವಾರದ ಅದೇ ದಿನದ ಪಾಠಕ್ಕೆ ಸಲ್ಲಬೇಕು. ಮಂಗಳವಾರ ಮೊಘಲರನ್ನು ಬರೆಯುವ ಮೊದಲು ಹಿಂದಿನ ಮಂಗಳವಾರದ ಬೌದ್ಧ ಧರ್ಮದ ಮುಖ್ಯಾಂಶಗಳನ್ನು ಬರೆದು ನೋಡಬೇಕು. ಇದನ್ನು ಬಿಟ್ಟರೆ ಮೊದಲ ವಾರದ ಶ್ರಮದಲ್ಲಿ ಬಹುಪಾಲು ಪರೀಕ್ಷೆಯ ಹೊತ್ತಿಗೆ ಮಾಸಿಹೋಗಿರುತ್ತದೆ ಎಂಬುದನ್ನು ಪ್ರತಿವರ್ಷವೂ ನೋಡುತ್ತಿದ್ದೇನೆ.

ಸೋಮವಾರ ದೆಹಲಿ ಸುಲ್ತಾನರು. ಅಲ್ಲಾವುದ್ದೀನ್ ಖಿಲ್ಜಿಯ ಮಾರುಕಟ್ಟೆ ಸುಧಾರಣೆ ಮತ್ತು ಮಹಮ್ಮದ್ ಬಿನ್ ತುಘಲಕ್‌ನ ಪ್ರಯೋಗಗಳು ದೊಡ್ಡ ಉತ್ತರಗಳಾಗಿ. ಮಂಗಳವಾರ ಮೊಘಲರು ಮತ್ತು ಮರಾಠರು: ಅಕ್ಬರನ ಮನ್ಸಬ್‌ದಾರಿ ಪದ್ಧತಿ ಮತ್ತು ಧಾರ್ಮಿಕ ನೀತಿ, 1674ರಲ್ಲಿ ಪಟ್ಟಾಭಿಷಿಕ್ತನಾದ ಶಿವಾಜಿಯ ಆಡಳಿತ. ಬುಧವಾರ ವಿಜಯನಗರ ಮತ್ತು ಬಹಮನಿ ರಾಜ್ಯಗಳನ್ನು ಒಟ್ಟಿಗೇ ಓದಬೇಕು. 1336 ಮತ್ತು 1347ರಲ್ಲಿ ಹನ್ನೊಂದು ವರ್ಷಗಳ ಅಂತರದಲ್ಲಿ ಹುಟ್ಟಿದ ಈ ಎರಡು ರಾಜ್ಯಗಳ ಚರಿತ್ರೆ ಪರಸ್ಪರ ಹೆಣೆದುಕೊಂಡಿದೆ. 1565ರ ಯುದ್ಧವನ್ನು ಬಹಮನಿ ರಾಜ್ಯ ಒಡೆದು ಹುಟ್ಟಿದ ಸುಲ್ತಾನರ ಹೆಸರಿಲ್ಲದೆ ವಿವರಿಸಲಾಗದು. ಗುರುವಾರ ಶಂಕರ, ರಾಮಾನುಜ, ಬಸವೇಶ್ವರ, ಮಧ್ವ ಮತ್ತು ಭಕ್ತಿ ಪಂಥ. ಅದ್ವೈತ, ವಿಶಿಷ್ಟಾದ್ವೈತ, ದ್ವೈತಗಳ ವ್ಯತ್ಯಾಸವನ್ನು ನಿಮ್ಮದೇ ಮಾತಿನ ಎರಡೆರಡು ವಾಕ್ಯಗಳಲ್ಲಿ ಬರೆಯಲು ಆಗುವವರೆಗೆ ಗೈಡಿನ ವಾಕ್ಯಗಳನ್ನು ಬಾಯಿಪಾಠ ಮಾಡಬೇಡಿ. ಬಸವಣ್ಣನವರ ಉತ್ತರದಲ್ಲಿ ಕಾಯಕ, ದಾಸೋಹ ಮತ್ತು ಅನುಭವ ಮಂಟಪ ಇರಲಿ.

ಶುಕ್ರವಾರ ಯುರೋಪಿಯನ್ನರ ಆಗಮನದಿಂದ ಬ್ರಿಟಿಷ್ ಆಡಳಿತ ನೆಲೆಯೂರುವವರೆಗೆ: 1498, 1757ರ ಪ್ಲಾಸಿ, 1764ರ ಬಕ್ಸಾರ್, 1793ರ ಖಾಯಂ ಜಮೀನ್ದಾರಿ ಪದ್ಧತಿ, 1798ರಲ್ಲಿ ವೆಲ್ಲೆಸ್ಲಿ ಜಾರಿಗೆ ತಂದ ಸಹಾಯಕ ಸೈನ್ಯ ಪದ್ಧತಿ. ಶನಿವಾರ 1857ರ ದಂಗೆಯ ಕಾರಣಗಳು ಮತ್ತು ಪರಿಣಾಮಗಳು. ಜೊತೆಗೆ ಬ್ರಹ್ಮ ಸಮಾಜ, ಸತ್ಯಶೋಧಕ ಸಮಾಜ, ಆರ್ಯ ಸಮಾಜ ಮತ್ತು ರಾಮಕೃಷ್ಣ ಮಿಷನ್. ಇವು ಕ್ರಮವಾಗಿ 1828, 1873, 1875 ಮತ್ತು 1897ರವು.

ಈ ಭಾನುವಾರ ನಕ್ಷೆಗೆ. ಭಾರತದ ಬಾಹ್ಯರೇಖಾ ನಕ್ಷೆಯಲ್ಲಿ ಊರುಗಳನ್ನು ಗುರುತಿಸುವ ಮೊದಲು ಗಂಗಾ, ನರ್ಮದಾ, ಗೋದಾವರಿ, ಕೃಷ್ಣಾ, ತುಂಗಭದ್ರಾ, ಕಾವೇರಿ ನದಿಗಳನ್ನು ಪೆನ್ಸಿಲ್ಲಿನಿಂದ ತೆಳುವಾಗಿ ಎಳೆದುಕೊಂಡು ಅಭ್ಯಾಸ ಮಾಡಿರಿ. ಪಾಟಲಿಪುತ್ರ ಗಂಗೆಯ ದಡದಲ್ಲಿ, ಪೈಠಣ ಗೋದಾವರಿಯ ದಡದಲ್ಲಿ, ಹಂಪಿ ತುಂಗಭದ್ರೆಯ ದಕ್ಷಿಣ ದಡದಲ್ಲಿ, ತಲಕಾಡು ಕಾವೇರಿಯ ದಡದಲ್ಲಿ, ತಂಜಾವೂರು ಅದೇ ಕಾವೇರಿ ಸಮುದ್ರದ ಕಡೆ ಕವಲೊಡೆಯುವ ಬಯಲಿನಲ್ಲಿ ಎಂದು ನದಿಯ ಜೊತೆ ನೆನಪಿಟ್ಟವರು ಚುಕ್ಕಿಯನ್ನು ತಪ್ಪು ಜಾಗದಲ್ಲಿ ಇಡುವುದು ಕಡಿಮೆ. ಪ್ರತಿ ಊರಿಗೂ ಎರಡೆರಡು ವಾಕ್ಯಗಳ ಟಿಪ್ಪಣಿಯನ್ನು ಬರೆದಿಟ್ಟುಕೊಳ್ಳಿ.

ಮೂರನೆಯ ವಾರ

ಸೋಮವಾರ ರಾಷ್ಟ್ರೀಯ ಚಳವಳಿ. 1885ರಿಂದ 1947ರವರೆಗಿನ ಕಥನವನ್ನು ಒಂದೇ ದಿನದಲ್ಲಿ ಮುಗಿಸಲು ಸಾಧ್ಯವೇ ಎಂದು ಕೇಳಬಹುದು. ತರಗತಿಯಲ್ಲಿ ಇದಕ್ಕೆ ಹೆಚ್ಚು ಸಮಯ ಕೊಟ್ಟಿದ್ದೆವು, ನಿಮ್ಮ ಉತ್ತರಗಳೂ ಈ ಘಟಕದಲ್ಲಿ ಚೆನ್ನಾಗಿವೆ. ಅಸಹಕಾರ, ಕಾನೂನು ಭಂಗ, ಭಾರತ ಬಿಟ್ಟು ತೊಲಗಿ ಎಂಬ ಮೂರು ಚಳವಳಿಗಳಿಗೂ ಕಾರಣ, ಕಾರ್ಯಕ್ರಮ, ಮುಕ್ತಾಯ ಎಂಬ ಮೂರು ಕಲಮುಗಳನ್ನು ಮಾಡಿ ತುಂಬಿಸಿರಿ. ಚೌರಿ ಚೌರಾ ಯಾವ ಚಳವಳಿಯ ಕೊನೆಗೆ ಸೇರುತ್ತದೆ, ದಂಡಿ ಯಾವುದರ ಆರಂಭಕ್ಕೆ ಸೇರುತ್ತದೆ ಎಂಬುದು ಆಗ ತಾನಾಗಿ ಸ್ಪಷ್ಟವಾಗುತ್ತದೆ.

ಮಂಗಳವಾರ ಆಧುನಿಕ ಮೈಸೂರು. 1799, 1831, 1881 ಎಂಬ ಮೂರು ಇಸವಿಗಳ ನಡುವೆ ಅಧಿಕಾರ ಯಾರ ಕೈಯಲ್ಲಿತ್ತೆಂದು ಮೊದಲು ಬರೆದುಕೊಳ್ಳಿ: 1831ರವರೆಗೆ ಮೂರನೆಯ ಕೃಷ್ಣರಾಜ ಒಡೆಯರು ಮತ್ತು ದಿವಾನರು, ಅಲ್ಲಿಂದ 1881ರವರೆಗೆ ಬ್ರಿಟಿಷ್ ಕಮಿಷನರುಗಳು, ಆನಂತರ ಮತ್ತೆ ಒಡೆಯರು ಮತ್ತು ದಿವಾನರು. ಮಾರ್ಕ್ ಕಬ್ಬನ್‌ನನ್ನು ದಿವಾನನೆಂದು ಬರೆದಿದ್ದವರು ಇದನ್ನು ಎರಡು ಬಾರಿ ಓದಿರಿ. ರಂಗಾಚಾರ್ಲು ಅವರಿಗೆ 1881ರ ಪ್ರಜಾಪ್ರತಿನಿಧಿ ಸಭೆ, ಶೇಷಾದ್ರಿ ಅಯ್ಯರ್ ಅವರಿಗೆ ಶಿವನಸಮುದ್ರದ ವಿದ್ಯುತ್ ಯೋಜನೆ, ವಿಶ್ವೇಶ್ವರಯ್ಯನವರಿಗೆ 1913ರ ಮೈಸೂರು ಬ್ಯಾಂಕ್ ಮತ್ತು 1916ರ ಮೈಸೂರು ವಿಶ್ವವಿದ್ಯಾನಿಲಯ ಮುಖ್ಯವಾದವು. ಬುಧವಾರ ಕರ್ನಾಟಕದಲ್ಲಿ ಸ್ವಾತಂತ್ರ್ಯ ಹೋರಾಟ ಮತ್ತು ಏಕೀಕರಣ. 1824ರ ಕಿತ್ತೂರು, 1924ರ ಬೆಳಗಾವಿ ಅಧಿವೇಶನ, 1938ರ ಶಿವಪುರ ಮತ್ತು ವಿದುರಾಶ್ವತ್ಥ, 1942ರ ಈಸೂರು, 1953ರ ಫಜಲ್ ಅಲಿ ಆಯೋಗ, 1956ರ ನವೆಂಬರ್ 1. ಕನ್ನಡ ನಾಡು ಎಷ್ಟು ಆಡಳಿತಗಳ ನಡುವೆ ಹಂಚಿಹೋಗಿತ್ತು ಎಂಬ ವಾಕ್ಯದಿಂದಲೇ ಏಕೀಕರಣದ ಉತ್ತರ ಆರಂಭವಾಗಬೇಕು. ಹೋರಾಟ ಏಕೆ ಬೇಕಾಯಿತೆಂಬುದು ಅದಿಲ್ಲದೆ ತಿಳಿಯುವುದಿಲ್ಲ.

ಗುರುವಾರ ಕಾಲೇಜಿನ ಎರಡನೆಯ ಕೊಠಡಿಯಲ್ಲಿ ಬೆಳಿಗ್ಗೆ ಹತ್ತು ಗಂಟೆಗೆ ಪೂರ್ಣ ಪ್ರಶ್ನೆಪತ್ರಿಕೆಯನ್ನು ಗಡಿಯಾರ ಇಟ್ಟುಕೊಂಡು ಬರೆಯಿಸುತ್ತೇನೆ. ಬಸ್ಸಿನ ಅನುಕೂಲವಿಲ್ಲದವರು ಪ್ರಶ್ನೆಪತ್ರಿಕೆಯನ್ನು ಬುಧವಾರವೇ ಕಚೇರಿಯಲ್ಲಿ ಪಡೆದು ಮನೆಯಲ್ಲಿ ಅದೇ ಸಮಯಕ್ಕೆ ಬರೆಯಬಹುದು. ಶುಕ್ರವಾರ ತಿದ್ದಿದ ಉತ್ತರಗಳನ್ನು ಹಿಂದಿರುಗಿಸುತ್ತೇನೆ. ಅಂದು ನೀವು ಓದಬೇಕಾದುದು ಅದರಲ್ಲಿ ತಪ್ಪಿದ ಭಾಗಗಳನ್ನು ಮತ್ತು ಮೊದಲ ವಾರದ ಕೆಂಪು ಅಕ್ಷರಗಳನ್ನು ಮಾತ್ರ. ಚೆನ್ನಾಗಿ ಬರುವುದನ್ನೇ ಮತ್ತೆ ಮತ್ತೆ ಓದುವುದು ಸಮಾಧಾನ ಕೊಡುತ್ತದೆ, ಅಂಕವನ್ನು ಹೆಚ್ಚಿಸುವುದಿಲ್ಲ. ಶನಿವಾರ ಕಾಲಾನುಕ್ರಮ, ಹೊಂದಿಸಿ ಬರೆಯುವ ಪ್ರಶ್ನೆಗಳು ಮತ್ತು ಇನ್ನೊಮ್ಮೆ ನಕ್ಷೆ.

ಕೊನೆಯ ಭಾನುವಾರ ಬೆಳಿಗ್ಗೆ ನಿಮ್ಮ ನೋಟ್‌ಬುಕ್ಕನ್ನು ಮಾತ್ರ ಒಮ್ಮೆ ತಿರುವಿ ನೋಡಿರಿ, ಪಠ್ಯಪುಸ್ತಕ ಬೇಡ. ಜ್ವರದಿಂದಲೋ ಮನೆಯ ಕೆಲಸದಿಂದಲೋ ನಡುವೆ ಒಂದೆರಡು ದಿನ ತಪ್ಪಿದವರು ಹಿಂದಿನದನ್ನು ಸರಿತೂಗಿಸಲು ನಿದ್ದೆಗೆಡದೆ ಆ ದಿನದ ಘಟಕದಿಂದಲೇ ಮುಂದುವರಿಯಲಿ; ತಪ್ಪಿದುದಕ್ಕೆ ಮೂರನೆಯ ವಾರದ ಶುಕ್ರವಾರ ಮತ್ತು ಶನಿವಾರದ ರಾತ್ರಿಗಳಲ್ಲಿ ಜಾಗವಿದೆ. ಸಂದೇಹಗಳಿದ್ದವರು ಈ ಮೂರೂ ವಾರಗಳಲ್ಲಿ ಸಂಜೆ ನಾಲ್ಕರಿಂದ ಐದರವರೆಗೆ ಇತಿಹಾಸ ವಿಭಾಗಕ್ಕೆ ನೋಟ್‌ಬುಕ್ಕಿನೊಂದಿಗೆ ಬರಬಹುದು, ನಾನು ಅಲ್ಲಿಯೇ ಇರುತ್ತೇನೆ.

ಇತಿಹಾಸ ಉಪನ್ಯಾಸಕರು