ಅಡಿಕೆ ಮಾರಾಟ ಸಹಕಾರ ಸಂಘದಲ್ಲಿ ಮೊದಲ ದಿನದ ಪರಿಚಯ

ಮಾನ್ಯ ಅಧ್ಯಕ್ಷರೆ, ಕಾರ್ಯದರ್ಶಿಗಳೆ, ಕಚೇರಿ ಹಾಗೂ ಉಗ್ರಾಣದ ಹಿರಿಯ ಸಹೋದ್ಯೋಗಿಗಳೆ, ತೂಕ ಮತ್ತು ಸಾಗಣೆಯ ಕೆಲಸ ನೋಡಿಕೊಳ್ಳುವ ಹಮಾಲಿ ಬಂಧುಗಳೆ, ತಮ್ಮೆಲ್ಲರಿಗೂ ನನ್ನ ನಮಸ್ಕಾರಗಳು.

ನನ್ನ ಹೆಸರು ಪೂರ್ಣಿಮಾ. ನಮ್ಮ ಊರು ಇದೇ ತೀರ್ಥಹಳ್ಳಿ ತಾಲ್ಲೂಕಿನಲ್ಲಿ, ಕೋಣಂದೂರಿನ ಹತ್ತಿರದ ಒಂದು ಹಳ್ಳಿ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಎಂ.ಕಾಂ. ಮುಗಿಸಿದ ಮೇಲೆ ಶಿವಮೊಗ್ಗ ನಗರದ ಪತ್ತಿನ ಸಹಕಾರ ಸಂಘವೊಂದರಲ್ಲಿ ಸಾಲ ಮತ್ತು ಠೇವಣಿಗಳ ಲೆಕ್ಕ ನೋಡಿಕೊಳ್ಳುತ್ತಿದ್ದೆ. ಇಂದಿನಿಂದ ಈ ಸಂಘದಲ್ಲಿ ಉಗ್ರಾಣದ ದಾಸ್ತಾನು ಲೆಕ್ಕವನ್ನೂ ಸದಸ್ಯರ ಖಾತೆಗಳನ್ನೂ ನೋಡಿಕೊಳ್ಳುವ ಜವಾಬ್ದಾರಿಯನ್ನು ನನಗೆ ವಹಿಸಿದ್ದೀರಿ. ಈ ನಂಬಿಕೆಗೆ ಆಡಳಿತ ಮಂಡಳಿಗೆ ನಾನು ಕೃತಜ್ಞಳಾಗಿದ್ದೇನೆ.

ನಗರದ ಕೆಲಸವನ್ನು ಬಿಟ್ಟು ಇಲ್ಲಿಗೆ ಬರಲು ಕಾರಣವೇನೆಂದು ಸಂದರ್ಶನದಲ್ಲಿ ತಾವು ಕೇಳಿದ್ದಿರಿ. ಆ ದಿನ ಚುಟುಕಾಗಿ ಉತ್ತರಿಸಿದ್ದೆ. ಒಟ್ಟಿಗೆ ಕೆಲಸ ಮಾಡಬೇಕಾದ ಎಲ್ಲರ ಮುಂದೆ ಅದನ್ನು ಇನ್ನಷ್ಟು ಬಿಡಿಸಿ ಹೇಳುವುದು ಸರಿಯೆಂದು ನನಗೆ ಅನ್ನಿಸುತ್ತದೆ. ನಮ್ಮದು ಚಿಕ್ಕ ಹಿಡುವಳಿ. ಸ್ವಲ್ಪ ಗದ್ದೆ, ಅದರ ಮೇಲ್ಭಾಗದಲ್ಲಿ ಅಡಿಕೆ ತೋಟ, ನಡುವೆ ಕಾಳುಮೆಣಸಿನ ಬಳ್ಳಿ. ಕೊನೆ ಇಳಿದ ದಿನದಿಂದ ಅಂಗಳದ ಚಪ್ಪರದಲ್ಲಿ ಹರವಿದ ಅಡಿಕೆ ಒಣಗಿ ಚೀಲ ಸೇರುವವರೆಗೆ ಮನೆಯ ಪ್ರತಿಯೊಬ್ಬರಿಗೂ ಅದರಲ್ಲಿ ಒಂದೊಂದು ಕೆಲಸವಿರುತ್ತಿತ್ತು. ಅಜ್ಜಿ ಮೆಟ್ಟುಗತ್ತಿಯ ಮುಂದೆ ಕುಳಿತು ಸುಲಿಯುತ್ತಿದ್ದರು, ಅಮ್ಮ ಹಂಡೆಯ ಉರಿಯನ್ನೂ ಚೊಗರಿನ ಹದವನ್ನೂ ನೋಡಿಕೊಳ್ಳುತ್ತಿದ್ದರು, ಬೇಯಿಸಿದ ಅಡಿಕೆಯನ್ನು ಹರವಿ ಕೈಯಾಡಿಸುವುದು ನಮ್ಮ ಪಾಲಿಗೆ ಬರುತ್ತಿತ್ತು. ಆದರೆ ಅಷ್ಟೆಲ್ಲ ದುಡಿದು ಸಿದ್ಧಪಡಿಸಿದ ಅಡಿಕೆಗೆ ಯಾವ ಆಧಾರದ ಮೇಲೆ ಯಾವ ದರ ನಿಗದಿಯಾಯಿತು ಎಂಬುದು ಮಾತ್ರ ಮನೆಯಲ್ಲಿ ಯಾರಿಗೂ ಸ್ಪಷ್ಟವಾಗಿ ತಿಳಿಯುತ್ತಿರಲಿಲ್ಲ. ಅಪ್ಪಯ್ಯ ಪೇಟೆಯಿಂದ ಮರಳಿದಾಗ ಕೈಯಲ್ಲಿರುತ್ತಿದ್ದ ಚೀಟಿಯಲ್ಲಿ ತೂಕ, ದರ, ಕಡಿತ, ಒಟ್ಟು ಮೊತ್ತ ಎಲ್ಲವೂ ಇರುತ್ತಿದ್ದವು, ಕಾರಣ ಇರುತ್ತಿರಲಿಲ್ಲ.

ಆ ಕಾರಣವನ್ನು ಬೆಳೆಗಾರರಿಗೆ ತಿಳಿಸಬಲ್ಲ ಜಾಗದಲ್ಲಿ ಕುಳಿತು ಕೆಲಸ ಮಾಡಬೇಕೆಂಬುದೇ ನಾನು ಇಲ್ಲಿಗೆ ಬಂದಿರುವ ಉದ್ದೇಶ. ಕೆಂಪಡಿಕೆಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂಬ ವಿಂಗಡಣೆ ನಮ್ಮ ಕಡೆಯ ಎಲ್ಲ ಮನೆಗಳಿಗೂ ಗೊತ್ತಿರುವಂಥದ್ದೇ. ಎಳೆಯ ಕಾಯಿಯಿಂದ ತಯಾರಾಗುವ ಸರಕಿಗೆ ಎಲ್ಲಕ್ಕಿಂತ ಹೆಚ್ಚಿನ ಬೆಲೆ, ಬಲಿತು ಗಟ್ಟಿಯಾದ ಗೊರಬಲಿಗೆ ಎಲ್ಲಕ್ಕಿಂತ ಕಡಿಮೆ ಬೆಲೆ ಎಂಬುದೂ ತಿಳಿದ ವಿಷಯ. ಆದರೆ ಒಂದೇ ತೋಟದ, ಒಂದೇ ಹಂಗಾಮಿನ ರಾಶಿ ಅಡಿಕೆಯ ಎರಡು ಚೀಲಗಳಿಗೆ ಟೆಂಡರಿನಲ್ಲಿ ಬೇರೆ ಬೇರೆ ದರ ಬಂದಾಗ, ಕೊನೆ ತೆಗೆಯುವುದು ತಡವಾಗಿ ಕಾಯಿ ಬಲಿತಿತ್ತೋ, ಬೇಯಿಸುವಾಗ ಚೊಗರು ತೆಳುವಾಗಿ ಬಣ್ಣ ಹಿಡಿಯಲಿಲ್ಲವೋ, ಮೋಡ ಕವಿದ ದಿನಗಳಲ್ಲಿ ಸರಿಯಾಗಿ ಒಣಗದೆ ಒಳಗೆ ಬೂಷ್ಟು ಬಂದಿತ್ತೋ ಎಂಬುದನ್ನು ಅಡಿಕೆಯನ್ನು ತುಂಡರಿಸಿ ತೋರಿಸಿ ಹೇಳಿದರೆ ಬೆಳೆಗಾರರು ಅದನ್ನು ಒಪ್ಪುತ್ತಾರೆ, ಮುಂದಿನ ಕೊಯ್ಲಿನಲ್ಲಿ ತಿದ್ದಿಕೊಳ್ಳುತ್ತಾರೆ. ಹೇಳದೆ ಬಿಟ್ಟರೆ, ದರ ನ್ಯಾಯವಾಗಿಯೇ ಇದ್ದರೂ, ಅವರ ಮನಸ್ಸಿನಲ್ಲಿ ಅನುಮಾನವೊಂದು ಉಳಿದುಬಿಡುತ್ತದೆ. ಸಹಕಾರ ಸಂಘದ ಮಾಲೀಕರು ಸದಸ್ಯರೇ ಆಗಿರುವುದರಿಂದ ಈ ಅನುಮಾನಕ್ಕೆ ಎಡೆಯಿರಬಾರದು ಎಂದು ನಾನು ಬಲವಾಗಿ ನಂಬಿದ್ದೇನೆ.

ಈ ಮಾತಿಗೆ ಈಗ ಇನ್ನೂ ಹೆಚ್ಚಿನ ತುರ್ತು ಇದೆ. ಎಲೆಚುಕ್ಕಿ ರೋಗ ನಮ್ಮ ತಾಲ್ಲೂಕಿನ ಎಷ್ಟೋ ತೋಟಗಳ ಇಳುವರಿಯನ್ನು ತಗ್ಗಿಸಿದೆ. ಮಳೆ ಬಿಡದೆ ಹಿಡಿದ ವರ್ಷ ಕೊಳೆರೋಗದ ಭಯವೂ ತಪ್ಪಿದ್ದಲ್ಲ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣದ ಲೆಕ್ಕದಲ್ಲಿ ಬೋರ್ಡೋ ದ್ರಾವಣ ತಯಾರಿಸಿ ಮಳೆಗಾಲಕ್ಕೆ ಮುಂಚೆ ಒಮ್ಮೆ, ಮಳೆಯ ನಡುವೆ ಬಿಡುವು ನೋಡಿ ಮತ್ತೊಮ್ಮೆ ಹೊಡೆಸುವ ಖರ್ಚು ಏನೆಂಬುದು, ಮರ ಹತ್ತುವವರು ಸಿಗುವುದು ಎಷ್ಟು ಕಷ್ಟವೆಂಬುದು ತೋಟವಿರುವ ತಮಗೆಲ್ಲ ಗೊತ್ತೇ ಇದೆ. ಫಸಲು ಕಡಿಮೆಯಾದಾಗ ಇರುವ ಫಸಲಿನ ಪ್ರತಿ ಕ್ವಿಂಟಾಲಿನ ದರವೂ ಮನೆಯ ನಿರ್ವಹಣೆಯನ್ನು ನಿರ್ಧರಿಸುತ್ತದೆ. ಉಗ್ರಾಣದಲ್ಲಿ ಅಡಿಕೆ ಇಟ್ಟು ಅದರ ಮೇಲೆ ಮುಂಗಡ ಪಡೆದು, ಒಳ್ಳೆಯ ದರಕ್ಕಾಗಿ ಕಾಯಲು ಸದಸ್ಯರಿಗೆ ಅವಕಾಶವಿರುವುದು ಸಂಘದ ದೊಡ್ಡ ಬಲ. ಆದರೆ ಕಾಯುವ ಪ್ರತಿ ತಿಂಗಳೂ ಮುಂಗಡದ ಬಡ್ಡಿ ಬೆಳೆಯುತ್ತದೆ, ಒಣಗುತ್ತ ಹೋದಂತೆ ಅಡಿಕೆಯ ತೂಕವೂ ಸ್ವಲ್ಪ ಇಳಿಯುತ್ತದೆ. ಇವೆರಡನ್ನೂ ಸೇರಿಸಿದ ಲೆಕ್ಕವನ್ನು ಸದಸ್ಯರು ಕೇಳಿದ ದಿನವೇ, ಅವರಿಗೆ ಅರ್ಥವಾಗುವ ಕನ್ನಡದಲ್ಲಿ, ಒಂದೇ ಹಾಳೆಯಲ್ಲಿ ಬರೆದು ಕೊಡಬೇಕೆಂಬುದು ನನ್ನ ಆಸೆ. ಇದಕ್ಕೆ ಕಾರ್ಯದರ್ಶಿಗಳ ಅನುಮತಿ ಬೇಕು. ನಮೂನೆಯೊಂದನ್ನು ಸಿದ್ಧಪಡಿಸಿ ಈ ವಾರವೇ ತಮ್ಮ ಮುಂದಿಡುತ್ತೇನೆ.

ಲೆಕ್ಕಪತ್ರ, ಗಣಕಯಂತ್ರದ ಕೆಲಸ, ಲೆಕ್ಕ ಪರಿಶೋಧನೆಗೆ ಕಡತಗಳನ್ನು ಅಣಿಗೊಳಿಸುವುದು ನನಗೆ ಅಭ್ಯಾಸವಾಗಿದೆ. ದರ್ಜೆ ಗುರುತಿಸುವ ವಿದ್ಯೆ ಮಾತ್ರ ಪುಸ್ತಕದಿಂದ ಬರುವುದಲ್ಲ. ಅಡಿಕೆಯನ್ನು ಅಂಗೈಯಲ್ಲಿ ಹಿಡಿದು ಅಲುಗಿಸಿದಾಗಿನ ಸದ್ದಿನಿಂದ ಒಣಗಿನ ಮಟ್ಟವನ್ನು ಹೇಳಬಲ್ಲ ಹಿರಿಯರು ಈ ಉಗ್ರಾಣದಲ್ಲಿದ್ದಾರೆಂದು ಕೇಳಿದ್ದೇನೆ. ಅವರ ಬಳಿ ಕಲಿಯುವ ಅವಕಾಶ ನನಗೆ ಸಿಕ್ಕಿರುವುದು ಸಂಬಳದಷ್ಟೇ ಮುಖ್ಯ. ದಿನಾ ಬೆಳಿಗ್ಗೆ ಕಚೇರಿ ತೆರೆಯುವ ಮುನ್ನ ಅರ್ಧ ಗಂಟೆ ವಿಂಗಡಣೆಯ ಜಾಗದಲ್ಲಿ ತಮ್ಮ ಪಕ್ಕದಲ್ಲಿ ಕುಳಿತಿರಲು ದಯವಿಟ್ಟು ಅನುವು ಮಾಡಿಕೊಡಿ. ಗೊತ್ತಿಲ್ಲದ್ದನ್ನು ಕೇಳುತ್ತಿರುತ್ತೇನೆ, ಕೆಲಸದ ಒತ್ತಡವಿರುವಾಗ ‘ಆಮೇಲೆ ಕೇಳಮ್ಮ’ ಎಂದರೆ ಖಂಡಿತ ಬೇಸರಪಡುವುದಿಲ್ಲ.

ಹಮಾಲಿ ಬಂಧುಗಳಲ್ಲಿಯೂ ಒಂದು ವಿನಂತಿ. ಚೀಲ ಇಳಿಸುವಾಗ ಯಾವುದಾದರೂ ಒದ್ದೆಯಾಗಿರುವುದು, ಹರಿದಿರುವುದು, ಗುರುತು ಅಳಿಸಿರುವುದು ಮೊದಲು ಕಾಣುವುದು ತಮಗೆ. ಅದನ್ನು ಆಗಲೇ ನನಗೆ ತಿಳಿಸಿದರೆ ಸದಸ್ಯರು ಎದುರಿಗಿರುವಾಗಲೇ ದಾಖಲೆ ಮಾಡಿಕೊಳ್ಳಬಹುದು, ಮುಂದೆ ವಾದಕ್ಕೆ ಆಸ್ಪದವಿರುವುದಿಲ್ಲ.

ಸದ್ಯ ನಾನು ಊರಿನಿಂದಲೇ ಬಸ್ಸಿನಲ್ಲಿ ಓಡಾಡುತ್ತೇನೆ. ಕೊಯ್ಲಿನ ಕಾಲದಲ್ಲಿ ಕೆಲಸ ಹೆಚ್ಚಿದ ದಿನ ಪೇಟೆಯಲ್ಲಿರುವ ಚಿಕ್ಕಮ್ಮನ ಮನೆಯಲ್ಲಿ ಉಳಿಯಲು ಏರ್ಪಾಡಾಗಿರುವುದರಿಂದ ಸಂಜೆ ತಡವಾದರೂ ತೊಂದರೆಯಿಲ್ಲ. ನನ್ನ ಮೇಜು ತೂಕದ ಕೋಣೆಯ ಬಾಗಿಲಿಗೆ ಹತ್ತಿರವಿದೆ. ದಾಸ್ತಾನು ಪುಸ್ತಕವನ್ನು ಇಂದು ಮಧ್ಯಾಹ್ನವೇ ವಹಿಸಿಕೊಳ್ಳುತ್ತಿದ್ದೇನೆ. ಹಳೆಯ ಬಾಕಿ ನಮೂದುಗಳು, ಸದಸ್ಯರು ಕೇಳಿ ಹೋಗಿರುವ ಪ್ರಶ್ನೆಗಳು ಯಾರ ಬಳಿಯಾದರೂ ಇದ್ದರೆ ದಯಮಾಡಿ ಊಟದ ನಂತರ ನನಗೆ ತಲುಪಿಸಿ. ತಮ್ಮೆಲ್ಲರ ಸಹಕಾರವನ್ನು ಕೋರುತ್ತೇನೆ. ವಂದನೆಗಳು.