ಮೂರು ವರ್ಷದ ಕ್ಲೇಮುಗಳ ಬಗ್ಗೆ ನಿಮ್ಮ ಪ್ರಶ್ನೆಗೆ ಉತ್ತರ

ಅಂಡರ್‌ರೈಟರ್ ಅವರಿಗೆ, ನಮಸ್ಕಾರ.

ಚಿಕ್ಕಮಗಳೂರಿನ ನಮ್ಮ ಕಾಫಿ ಗೋದಾಮು ಮತ್ತು ಡ್ರೈಯರ್ ಶೆಡ್ಡಿನ ಪಾಲಿಸಿ ನವೀಕರಣಕ್ಕೆ ನೀವು ಕೇಳಿದ ವಿವರ ಇಲ್ಲಿದೆ.

2022-23ರ ಜುಲೈನಲ್ಲಿ ಗಾಳಿ ಮಳೆಗೆ ಚಾವಣಿ ಶೀಟು ಹಾರಿ ಮೂಟೆಗಳು ನೆನೆದವು. 2,80,000 ರೂ. ಸಂದಾಯವಾಯಿತು. ಆ ಕಡೆಯ ಶೀಟುಗಳನ್ನೆಲ್ಲ ಬದಲಿಸಿದ್ದೇವೆ.

2023-24ರ ಜನವರಿಯ ಬೆಂಕಿಯೇ ದೊಡ್ಡದು: 11,40,000 ರೂ. ಸೌದೆ ಒಲೆಯ ಕಿಡಿ ಬಿಸಿಗಾಳಿ ಕೊಳವೆಗೆ ಹೋಗಿ, ಅಲ್ಲಿ ಕೂತಿದ್ದ ಒಣ ಸಿಪ್ಪೆಗೆ ಹತ್ತಿತು ಎಂದು ಸರ್ವೇಯರ್ ವರದಿ ಹೇಳುತ್ತದೆ. ಈಗ ಕೊಳವೆಯ ಬಾಯಿಗೆ ಕಿಡಿ ತಡೆಯುವ ಜಾಲರಿ ಇದೆ. ಬಿಸಿ ಜಾಸ್ತಿಯಾದರೆ ಬ್ಲೋವರ್ ತಾನೇ ನಿಲ್ಲುತ್ತದೆ. ಪ್ರತಿ ಪಾಳಿ ಮುಗಿದ ಮೇಲೆ ಸಿಪ್ಪೆ ತೆಗೆದು ಪುಸ್ತಕದಲ್ಲಿ ಸಹಿ ಹಾಕುತ್ತಾರೆ. ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು ಈ ಸಹಿಯೇ; ಜಾಲರಿಯೂ ಸಿಪ್ಪೆಯಿಂದ ಕಟ್ಟಿಕೊಳ್ಳುತ್ತದೆ, ಅಲ್ವಾ? ರಾತ್ರಿ ಪಾಳಿಯವರೆಲ್ಲ ಬೆಂಕಿ ನಂದಿಸುವ ಸಿಲಿಂಡರ್ ಬಳಸಲು ಕಲಿತಿದ್ದಾರೆ. ಸೌದೆ ರಾಶಿಯನ್ನು ಶೆಡ್ಡಿನಿಂದ ದೂರ ಸರಿಸಿದ್ದೇವೆ.

2024-25ರಲ್ಲಿ ಕ್ಲೇಮ್ ಇಲ್ಲ. ಹಳೆಯದು ಯಾವುದೂ ಬಾಕಿಯಿಲ್ಲ.

ಸರ್ವೇಯರ್ ವರದಿ, ಬಿಲ್ಲು, ಸಹಿ ಪುಸ್ತಕದ ಪ್ರತಿ ಲಗತ್ತಿಸಿದ್ದೇನೆ. ಬೆಂಕಿಗಾಗಿ ಹಾಕಿದ ಹೆಚ್ಚುವರಿ ಪ್ರೀಮಿಯಂ ಇಳಿಸಬೇಕೆಂದು ಕೋರುತ್ತೇನೆ. ತಪಾಸಣೆಗೆ ಡ್ರೈಯರ್ ಓಡುವಾಗಲೇ ಬನ್ನಿ. ನಿಂತ ಯಂತ್ರ ನೋಡಿದರೆ ಏನೂ ಗೊತ್ತಾಗುವುದಿಲ್ಲ.

ಇಂತಿ,
ವ್ಯವಸ್ಥಾಪಕರು, ಕಾಫಿ ಗೋದಾಮು, ಚಿಕ್ಕಮಗಳೂರು